ಗೋಲ್ಡ್ ಲೋನ್ ಚೀಟಿಯಲ್ಲಿ ಕರಿಮಣಿ ಸರಕ್ಕೆ ಬೆಲೆ ಕಡಿಮೆ ಬಂದಿದೆ, ಲೆಕ್ಕ ಎಲ್ಲಿ ತಾಳೆ ಆಗ್ತಿಲ್ಲ?

ಸುರತ್ಕಲ್ ಟು ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಡೊಂಬಿವಲಿಯ ಒಂದು ಬ್ಯಾಂಕಿನಲ್ಲಿ ಅಜ್ಜಿಯ ಹಳೆಯ ಕರಿಮಣಿ ಸರ ಮತ್ತು ಹೆಂಡತಿಯ ಎರಡು ಬಳೆ ಇಟ್ಟು ಸಾಲ ತೆಗೆದೆ. ಬಳೆಗೆ ಹಾಲ್‌ಮಾರ್ಕ್ ಇದೆ, ಸರಕ್ಕೆ ಇಲ್ಲ. ಚಿನ್ನ ನೋಡುವವರು ತೂಗಿ, ಒರೆಗೆ ಹಚ್ಚಿ ಕೊಟ್ಟ ಚೀಟಿಯಲ್ಲಿ ಹೀಗಿದೆ:

ಕರಿಮಣಿ ಸರ: ಗ್ರಾಸ್ 18.40, ಡಿಡಕ್ಷನ್ 3.40, ನೆಟ್ 15.00, ಕ್ಯಾರೆಟ್ 20, 22 ಕ್ಯಾರೆಟ್ ತೂಕ 13.64, ರೇಟ್ 10,000, ವ್ಯಾಲ್ಯೂ 1,36,400

ಬಳೆ 2: ಗ್ರಾಸ್ 20.00, ಡಿಡಕ್ಷನ್ ಇಲ್ಲ, ನೆಟ್ 20.00, ಕ್ಯಾರೆಟ್ 22, 22 ಕ್ಯಾರೆಟ್ ತೂಕ 20.00, ರೇಟ್ 11,000, ವ್ಯಾಲ್ಯೂ 2,20,000

ಒಟ್ಟು 3,56,400. ಕೈಗೆ ಬಂದ ಸಾಲ 2,54,500. ಬಡ್ಡಿ ವರ್ಷಕ್ಕೆ 12 ಪರ್ಸೆಂಟ್, 12 ತಿಂಗಳು, ಬುಲೆಟ್.

ಕೌಂಟರಿನಲ್ಲಿ 80 ಪರ್ಸೆಂಟ್ ಕೊಡ್ತೇವೆ ಅಂದಿದ್ದರು. 3,56,400ರ 80 ಅಂದರೆ 2,85,120 ಆಗಬೇಕು ಅಲ್ವಾ? 30 ಸಾವಿರ ಎಲ್ಲಿ ಹೋಯಿತು? ಪ್ರೊಸೆಸಿಂಗ್ ಚಾರ್ಜು ಬೇರೆ ಕಟ್ಟಿದ್ದೇನೆ, ಅದು ಇದರಲ್ಲಿ ಸೇರಿಲ್ಲ. ಸರದಲ್ಲಿ 3.40 ಗ್ರಾಂ ಕಳೆದದ್ದು ಕೂಡ ಜಾಸ್ತಿ ಅನಿಸ್ತಿದೆ.

ಮುಲುಂಡ್ ಮಾಣಿ

ಇದರಲ್ಲಿ ತಲೆ ಕೆಡಿಸಿಕೊಳ್ಳಲು ಏನೂ ಇಲ್ಲ ಮಾರಾಯ್ರೆ. ಆರ್‌ಬಿಐ ನಿಯಮ 75 ಪರ್ಸೆಂಟ್. 80 ಅಂತ ಯಾರಾದರೂ ಹೇಳಿದರೆ ಸುಮ್ನೆ ಗಿರಾಕಿ ಹಿಡಿಯಲು ಹೇಳಿದ್ದು. ನಿಮಗೆ ಸಿಕ್ಕಿದ್ದು 71 ಚಿಲ್ಲರೆ, ಅಂದರೆ ಬ್ಯಾಂಕ್ ಸ್ವಲ್ಪ ಸೇಫ್ ಆಗಿ ಕೊಟ್ಟಿದೆ. ಇನ್ನೊಂದು, ರೇಟು ನೋಡಿದಿರಾ? ಫೋನಿನಲ್ಲಿ ಕಾಣುವ ಅವತ್ತಿನ ರೇಟಿಗೂ ಚೀಟಿಯ ರೇಟಿಗೂ ವ್ಯತ್ಯಾಸ ಇರುತ್ತದೆ. ಅಲ್ಲೇ ದುಡ್ಡು ಹೊಡೆಯುವುದು.

ವಾಸ್ಕೋ ಅಕ್ಕ

ನನಗೂ ಹೀಗೇ ಆಗಿತ್ತು ತಮ್ಮಾ. ಇಲ್ಲಿ ವಾಸ್ಕೋದಲ್ಲಿ ಒಂದು ಫೈನಾನ್ಸ್ ಕಂಪನಿಯಲ್ಲಿ ಬಳೆ ಇಟ್ಟಾಗ ಬಡ್ಡಿ ಕಡಿಮೆ ಹೇಳಿದರು. ಬಿಡಿಸಲು ಹೋದಾಗ ನೋಡಿದರೆ ಲೆಕ್ಕವೇ ಬೇರೆ. ಪ್ರತಿ ತಿಂಗಳು ಬಡ್ಡಿ ಕಟ್ಟಿದರೆ ಮಾತ್ರ ಆ ರೇಟಂತೆ. ಕಟ್ಟದೆ ಬಿಟ್ಟರೆ ಮೊದಲ ದಿನದಿಂದಲೇ ಮೇಲಿನ ರೇಟು ಹಾಕುತ್ತಾರಂತೆ. ನೀನೂ ಬಡ್ಡಿ ಎಷ್ಟು ಅಂತ ಮತ್ತೊಮ್ಮೆ ಕೇಳು.

ಒರೆಗಲ್ಲು

ಬ್ಯಾಂಕುಗಳಿಗೆ ಒಡವೆ ನೋಡಿಕೊಡುವ ಕೆಲಸ ಬಹಳ ವರ್ಷ ಮಾಡಿದವನು ನಾನು. ಸುರತ್ಕಲ್‌ನವರೇ, ನಿಮ್ಮ ಚೀಟಿಯಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. 30 ಸಾವಿರ ಹೋದದ್ದು ತಪ್ಪಲ್ಲ. ತಪ್ಪು ಇರುವುದು ಸರದ ಸಾಲಿನಲ್ಲಿ, ಅದು ಎಲ್ಲಿ ಅಂತ ನೀವು ನೋಡಿಯೇ ಇಲ್ಲ.

ಮೊದಲು ಸರ. 15 ಗ್ರಾಂ ನೆಟ್, 20 ಕ್ಯಾರೆಟ್. ಇದಕ್ಕೆ ಬೆಲೆ ಕಟ್ಟುವುದು ಎರಡು ರೀತಿ. ಒಂದು, ತೂಕವನ್ನೇ 22 ಕ್ಯಾರೆಟ್‌ಗೆ ಇಳಿಸುವುದು: 15ನ್ನು 20ರಿಂದ ಗುಣಿಸಿ 22ರಿಂದ ಭಾಗಿಸಿದರೆ 13.64. ಆಮೇಲೆ ಅದಕ್ಕೆ 22 ಕ್ಯಾರೆಟ್ ರೇಟು 11,000 ಹಾಕಬೇಕು, ಸುಮಾರು 1,50,000 ಬರುತ್ತದೆ. ಇನ್ನೊಂದು ರೀತಿಯಲ್ಲಿ ತೂಕ ಮುಟ್ಟುವುದಿಲ್ಲ, ರೇಟು ಇಳಿಸುತ್ತಾರೆ: 20 ಕ್ಯಾರೆಟ್ ರೇಟು 10,000, ಅದನ್ನು 15 ಗ್ರಾಂಗೆ ಹಾಕಿದರೂ ಅದೇ 1,50,000. ಯಾವುದಾದರೂ ಸರಿ. ನಿಮ್ಮ ಚೀಟಿಯಲ್ಲಿ ಎರಡೂ ಆಗಿದೆ. ತೂಕವೂ ಇಳಿದಿದೆ, ರೇಟೂ ಇಳಿದಿದೆ. ಕಡಿಮೆ ಶುದ್ಧತೆಗೆ ಎರಡು ಸಲ ಕಳೆದ ಹಾಗಾಯಿತು. ಹಾಗಾಗಿ 13,600 ರೂಪಾಯಿ ಕಡಿಮೆ.

ಯಾವ ಚೀಟಿಯಲ್ಲಾದರೂ ಇದನ್ನು ಹಿಡಿಯುವುದು ಸುಲಭ. 22 ಕ್ಯಾರೆಟ್‌ಗೆ ಇಳಿಸಿದ ತೂಕದ ಕಾಲಂ ಇದೆಯಾ ನೋಡಿ. ಇದ್ದರೆ ಎಲ್ಲ ಒಡವೆಗೂ ಒಂದೇ ರೇಟು ಇರಬೇಕು. ರೇಟು ಒಡವೆಯಿಂದ ಒಡವೆಗೆ ಬದಲಾಗಿದ್ದರೆ ವ್ಯಾಲ್ಯೂ ನೆಟ್ ತೂಕದ ಮೇಲೆ ಬಂದಿರಬೇಕು. ಎಲ್ಲವೂ 22 ಕ್ಯಾರೆಟ್ ಆಗಿದ್ದರೆ ಎರಡೂ ಕಾಲಂ ಒಂದೇ ಸಂಖ್ಯೆ ತೋರಿಸುತ್ತವೆ. ಆಗ ಈ ತಪ್ಪು ಇದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ, ನಿಮ್ಮ ಬಳೆಯ ಸಾಲು ಸರಿ ಕಾಣುವುದು ಅದಕ್ಕೇ.

ಇನ್ನು 30 ಸಾವಿರ. ಮಾಣಿ ಹೇಳಿದ 75 ಹಳೆಯ ಲೆಕ್ಕ. 2025ರ ಜೂನ್‌ನಲ್ಲಿ ಆರ್‌ಬಿಐ ಹೊಸ ನಿರ್ದೇಶನ ತಂದಿತು, 2026ರ ಏಪ್ರಿಲ್ 1ರೊಳಗೆ ಜಾರಿ ಮಾಡಬೇಕು ಅಂತ. ಮನೆ ಖರ್ಚಿನ ಸಾಲಕ್ಕೆ ಎರಡೂವರೆ ಲಕ್ಷದವರೆಗೆ 85, ಅಲ್ಲಿಂದ 5 ಲಕ್ಷದವರೆಗೆ 80, ಅದಕ್ಕೂ ಮೇಲೆ ಹೋದರೆ ಮಾತ್ರ 75. ಇದು ಗರಿಷ್ಠ ಮಿತಿ, ಬ್ಯಾಂಕ್ ಇಷ್ಟು ಕೊಡಲೇಬೇಕು ಅಂತ ಏನಿಲ್ಲ. ನಿಮ್ಮ ಬ್ಯಾಂಕ್ 80 ಅಂದದ್ದು ಸರಿಯೇ. ಆದರೆ ಬುಲೆಟ್ ಸಾಲದಲ್ಲಿ, ಅಂದರೆ ಅಸಲು ಬಡ್ಡಿ ಎಲ್ಲ ಕೊನೆಗೆ ಒಟ್ಟಿಗೆ ಕಟ್ಟುವ ಸಾಲದಲ್ಲಿ, ಆ 80 ನೋಡುವುದು ಕೈಗೆ ಕೊಟ್ಟ ಹಣಕ್ಕಲ್ಲ, ವರ್ಷದ ಕೊನೆಗೆ ನೀವು ಕಟ್ಟುವ ಒಟ್ಟು ಮೊತ್ತಕ್ಕೆ. 2,54,500ಕ್ಕೆ 12 ಪರ್ಸೆಂಟ್ ಬಡ್ಡಿ 30,540. ಎರಡೂ ಸೇರಿ 2,85,040. ನಿಮ್ಮ 2,85,120ರ ಒಳಗೆ ಸರಿಯಾಗಿ ಕೂತಿತು. ಯಾರೂ ಕದ್ದಿಲ್ಲ.

ಸರದ ಬೆಲೆ ಸರಿ ಮಾಡಿಸಿದರೆ ಒಟ್ಟು 3,70,000 ಆಗುತ್ತದೆ. ಅದರ 80 ಅಂದರೆ 2,96,000, ಅದರಲ್ಲಿ ವರ್ಷದ ಬಡ್ಡಿಗೆ ಜಾಗ ಬಿಟ್ಟರೆ ಕೈಗೆ ಸುಮಾರು 2,64,200. ಅಂದರೆ ನಿಮಗೆ ನಿಜವಾಗಿ ಕಡಿಮೆ ಬಂದದ್ದು 9,700ರ ಹತ್ತಿರ.

ಮುಲುಂಡ್ ಮಾಣಿ

ಸರಿ, ಆದರೆ ರೇಟಿನ ವಿಷಯ ನೀವು ಮುಟ್ಟಲೇ ಇಲ್ಲ.

ಒರೆಗಲ್ಲು

ರೇಟು ಅವರ ಮನಸ್ಸಿಗೆ ಬಂದಂತೆ ಹಾಕುವ ಹಾಗಿಲ್ಲ. ಹಿಂದಿನ 30 ದಿನದ ಸರಾಸರಿ ಮತ್ತು ಹಿಂದಿನ ದಿನದ ಮುಕ್ತಾಯದ ರೇಟು, ಎರಡರಲ್ಲಿ ಯಾವುದು ಕಡಿಮೆಯೋ ಅದು. ಇಲ್ಲೇ ಮುಂಬೈನ ಚಿನ್ನದ ವ್ಯಾಪಾರಿಗಳ ಸಂಘ ಐಬಿಜೆಎ ಪ್ರಕಟಿಸುವ ರೇಟನ್ನೇ ಹೆಚ್ಚಿನವರು ಹಿಡಿಯುತ್ತಾರೆ. ಚಿನ್ನ ಏರುತ್ತಿರುವಾಗ ಸರಾಸರಿ ಹಿಂದೆ ಬೀಳುತ್ತದೆ, ಹಾಗಾಗಿ ಫೋನಿನ ರೇಟಿಗಿಂತ ಕಡಿಮೆ ಕಾಣುವುದು ಸಹಜ. ಅಂಗಡಿಯ ರೇಟಿನ ಜೊತೆ ಹೋಲಿಸುವಾಗ ಜಿಎಸ್‌ಟಿ, ಮಜೂರಿ ಬಿಟ್ಟು ನೋಡಿ. ಹಾಗೆ ನೋಡಿಯೂ ತುಂಬಾ ವ್ಯತ್ಯಾಸ ಇದ್ದರೆ, ಯಾವ ತಾರೀಕಿನ ರೇಟು ಅಂತ ಬ್ಯಾಂಕಿನಲ್ಲಿ ಕೇಳಬೇಕು.

ಪಿಂಪ್ರಿ ಪಾಟೀಲ

ಪುಣೆಯಿಂದ ಬರೀತಿದ್ದೇನೆ. ನಮ್ಮ ಕಾಲೋನಿ ಹತ್ತಿರದ ಪತಪೇಢಿಯಲ್ಲಿ, ಅಂದರೆ ಸಹಕಾರಿ ಪತ್ತಿನ ಸಂಘದಲ್ಲಿ, ಈ ನೆಟ್, 22 ಕ್ಯಾರೆಟ್ ತೂಕ ಅನ್ನೋ ಕಾಲಂಗಳೇ ಇಲ್ಲ ರೀ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತು ಘಟ ಅಂತ ಕಳೆದು ಬಿಡ್ತಾರೆ. ಹರಳು ಇರಲಿ ಬಿಡಲಿ ಒಂದೇ ಲೆಕ್ಕ. ಅವರಿಗೂ ಈ 85, 80 ಅನ್ವಯಿಸುತ್ತಾ?

ಒರೆಗಲ್ಲು

ಇಲ್ಲ ಪಾಟೀಲರೇ. ಆರ್‌ಬಿಐ ನಿರ್ದೇಶನ ಬ್ಯಾಂಕುಗಳಿಗೆ ಮತ್ತು ಫೈನಾನ್ಸ್ ಕಂಪನಿಗಳಿಗೆ, ಅರ್ಬನ್ ಕೋಆಪರೇಟಿವ್ ಬ್ಯಾಂಕೂ ಸೇರಿ. ಪತಪೇಢಿ ನೋಡಿಕೊಳ್ಳುವುದು ಸಹಕಾರ ಇಲಾಖೆ. ಬೋರ್ಡಿನ ಮೇಲೆ 'ಸೋನೆ ತಾರಣ ಕರ್ಜ' ಅಂತ ಎಲ್ಲರೂ ಬರೆದಿರುತ್ತಾರೆ, ಒಳಗಿನ ನಿಯಮ ಮಾತ್ರ ಬೇರೆ. ಗಟ್ಟಿ ಬಳೆಗೂ ಹತ್ತು ಕಳೆದರೆ ನಿಮಗೇ ನಷ್ಟ. ನನ್ನ ಕೇಳಿದರೆ ಬಳೆಯನ್ನು ಬ್ಯಾಂಕಿಗೇ ಒಯ್ಯಿರಿ.

ವಾಸ್ಕೋ ಅಕ್ಕಾ, ನಿಮ್ಮದು ಸ್ಲ್ಯಾಬ್ ಸ್ಕೀಮು. ಇವರದು ಹಾಗೆ ಕಾಣುವುದಿಲ್ಲ. ಇವರ ಸಾಲದ ಮೊತ್ತವೇ ಸಾಕ್ಷಿ ಹೇಳುತ್ತದೆ. ತಿಂಗಳಿಗೆ 1 ಪರ್ಸೆಂಟಿನಂತೆ ಚಕ್ರಬಡ್ಡಿ ಹಾಕಿದ್ದರೆ ವರ್ಷದ ಬಡ್ಡಿ 30,540 ಆಗುತ್ತಿರಲಿಲ್ಲ, 32,277ರ ಹತ್ತಿರ ಹೋಗುತ್ತಿತ್ತು, ಒಟ್ಟು 80ರ ಮಿತಿ ದಾಟುತ್ತಿತ್ತು, ಸಿಸ್ಟಮ್ ಇಷ್ಟು ಸಾಲ ಮಂಜೂರು ಮಾಡುತ್ತಲೇ ಇರಲಿಲ್ಲ. ಹಾಗಾಗಿ ಇದು ಸರಳ ಬಡ್ಡಿಯೇ. ದಿನಕ್ಕೆ 83 ರೂಪಾಯಿ 67 ಪೈಸೆ. ನೂರನೇ ದಿನ ಬಿಡಿಸಿದರೆ ಬಡ್ಡಿ 8,367 ಬರಬೇಕು. ಬೇಗ ಬಿಡಿಸಿದರೂ ಕನಿಷ್ಠ ಇಷ್ಟು ದಿನದ ಬಡ್ಡಿ ಅಂತ ಷರತ್ತು ಇದೆಯಾ, ಅದನ್ನು ಮಾತ್ರ ಸಾಲದ ಕಾಗದದಲ್ಲಿ ಓದಿ ನೋಡಿ.

ಸುರತ್ಕಲ್ ಟು ಡೊಂಬಿವಲಿ

ತುಂಬಾ ಥ್ಯಾಂಕ್ಸ್ ಒರೆಗಲ್ಲು ಸರ್. ಇವತ್ತು ಮಧ್ಯಾಹ್ನ ಹೋಗಿ ಮ್ಯಾನೇಜರಿಗೆ ಸರದ ಸಾಲನ್ನೇ ತೋರಿಸಿದೆ. ಮೊದಲು ಸಿಸ್ಟಮ್ ಲೆಕ್ಕ ಸರ್, ನಮ್ಮ ಕೈಯಲ್ಲಿಲ್ಲ ಅಂದರು. ಬಳೆಯ ರೇಟು 11,000, ಸರಕ್ಕೆ 10,000, ಆದರೂ ತೂಕ ಯಾಕೆ 13.64 ಅಂತ ಕೇಳಿದಾಗ ಅವರೇ ಕ್ಯಾಲ್ಕುಲೇಟರ್ ತೆಗೆದು ಎರಡು ಸಲ ಒತ್ತಿ ನೋಡಿ ಸುಮ್ಮನಾದರು. ಹೆಡ್ ಆಫೀಸಿಗೆ ಮೇಲ್ ಹಾಕುತ್ತೇನೆ ಅಂದಿದ್ದಾರೆ.

ಆ 3.40 ಗ್ರಾಂ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಅಜ್ಜಿ ಯಾವಾಗಲೂ ಇದು 22ರ ಚಿನ್ನ ಅನ್ನುತ್ತಿದ್ದರು, 20 ಹೇಗೆ ಬಂತು?

ಒರೆಗಲ್ಲು

ಮೇಲ್ ಹಾಕುತ್ತೇನೆ ಅಂದದ್ದಕ್ಕೆ ಕಾಯಬೇಡಿ. ನೀವೇ ಬರೆದು ಕೊಟ್ಟು ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು.

3.40 ಜಾಸ್ತಿಯೋ ಅಲ್ಲವೋ, ಸರ ನೋಡದೆ ನಾನು ಹೇಳಲಾರೆ. ಕರಿಮಣಿ ಪೋಣಿಸಿದ ಸರದಲ್ಲಿ ಮಣಿಯನ್ನು ಬಿಚ್ಚಿ ತೂಗುವುದಿಲ್ಲ. ಮಣಿ ಎಣಿಸಿ ಅಂದಾಜು ಹಾಕುತ್ತಾರೆ, ದಾರ ಇದ್ದರೆ ಅದನ್ನೂ ಸೇರಿಸುತ್ತಾರೆ, ಪದಕದಲ್ಲಿ ಅರಗು ತುಂಬಿದ್ದರೆ ಅದನ್ನೂ. ನೋಡುವವನು ಸ್ವಲ್ಪ ಜಾಸ್ತಿಯೇ ಕಳೆಯುತ್ತಾನೆ, ಹರಾಜಿಗೆ ಬಂದಾಗ ಕಡಿಮೆ ಬಿದ್ದರೆ ಅವನನ್ನೇ ಕೇಳುತ್ತಾರಲ್ಲ. ಊರಲ್ಲಿ ಮಾಡಿಸಿದಾಗಿನ ಅಕ್ಕಸಾಲಿಯ ಚೀಟಿ ಸಿಕ್ಕಿದರೆ ಚಿನ್ನದ ತೂಕ ಅದರಲ್ಲಿ ಇರುತ್ತದೆ, ಅದನ್ನು ಹಿಡಿದು ಮಾತಾಡಬಹುದು.

20 ಕ್ಯಾರೆಟ್ ನಂಬಲಾಗದ್ದೇನೂ ಅಲ್ಲ. ಅಜ್ಜಿ ಹೇಳಿದ್ದೂ ಸುಳ್ಳಲ್ಲ. ತಂತಿ 22ರದ್ದೇ ಇರಬಹುದು. ಆದರೆ ಹಳೆಯ ಸರದಲ್ಲಿ ಚಿಕ್ಕ ಚಿಕ್ಕ ಕೊಂಡಿಗಳಿಗೆಲ್ಲ ಬೆಸುಗೆ ಇರುತ್ತದೆ, ಬೆಸುಗೆಯಲ್ಲಿ ಚಿನ್ನ ಕಡಿಮೆ. ಕರಗಿಸಿದಾಗ ಒಟ್ಟು 22ಕ್ಕಿಂತ ಕೆಳಗೇ ಬರುತ್ತದೆ. ಒರೆಗೆ ಹಚ್ಚಿದ್ದು ಬೆಸುಗೆಯ ಮೇಲೋ ತಂತಿಯ ಮೇಲೋ ಅನ್ನುವುದರ ಮೇಲೂ ಫಲಿತಾಂಶ ಬದಲಾಗುತ್ತದೆ. ಮುಂದೆ ಬಿಡಿಸಿದ ಮೇಲೆ ಬಿಐಎಸ್ ಮಾನ್ಯತೆ ಇರುವ ಹಾಲ್‌ಮಾರ್ಕ್ ಸೆಂಟರಿನಲ್ಲಿ ಮೆಷಿನ್ ಮೇಲೆ ನೋಡಿಸಿ, ಝವೇರಿ ಬಜಾರ್ ಕಡೆ ಸಿಗುತ್ತದೆ. ಆ ಮೆಷಿನ್ ಮೇಲ್ಮೈ ಮಾತ್ರ ಓದುತ್ತದೆ, ಹಾಗಾಗಿ ಮೂರ್ನಾಲ್ಕು ಕಡೆ ಇಡಲು ಹೇಳಿ.

ಮುಲುಂಡ್ ಮಾಣಿ

ಇಷ್ಟೆಲ್ಲಾ ಮಾಡುವ ಬದಲು ಸರ ಕೊಟ್ಟು ಹೊಸದು ಮಾಡಿಸಿದರೆ ಆಯಿತಪ್ಪ.

ಸುರತ್ಕಲ್ ಟು ಡೊಂಬಿವಲಿ

ಅಜ್ಜಿಯ ಸರ ಮಾಣಿ, ಅದು ಆಗದ ಮಾತು. ಅಮ್ಮನಿಗೆ ಫೋನ್ ಮಾಡಿ ಅಕ್ಕಸಾಲಿಯ ಚೀಟಿ ಹುಡುಕಲು ಹೇಳಿದ್ದೇನೆ. ಹೆಡ್ ಆಫೀಸಿನಿಂದ ಏನು ಬಂತು ಅಂತ ಇಲ್ಲೇ ಬರೆಯುತ್ತೇನೆ.