ಆಡಿಟರ್‌ಗೆ ಹೆಚ್ಚು ಸಮಯ ಕೇಳಿ ಪತ್ರ: ಬರೆದವರು ಅನುಭವ ಹೇಳಿ

ಕೇಳಿದವರು, ಪೀಣ್ಯ: ಬಿಡಿಭಾಗ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಫೈನಾನ್ಸ್ ಹೆಡ್ ಆಗಿದ್ದೇನೆ. ಜುಲೈ 20ಕ್ಕೆ ಲೆಕ್ಕ ಕೊಡುತ್ತೇವೆ ಅಂತ ಆಡಿಟರ್‌ಗೆ ಹೇಳಿದ್ದೆವು. ಜಾಬ್ ವರ್ಕ್ ಸ್ಟಾಕ್ ತಾಳೆಯಾಗುತ್ತಿಲ್ಲ. ಪತ್ರ ಹೇಗೆ ಬರೆಯಲಿ?

ಅಕೌಂಟ್ಸ್ ಮ್ಯಾನೇಜರ್: ಸೆಪ್ಟೆಂಬರ್ 30ರ ತನಕ ಸಮಯ ಇದೆಯಲ್ಲ. ಟ್ಯಾಕ್ಸ್ ಆಡಿಟ್ ದಿನಾಂಕವನ್ನು ಸರ್ಕಾರವೇ ಎಷ್ಟೋ ಸಲ ಮುಂದೆ ಹಾಕಿದೆ. ಎರಡು ತಿಂಗಳು ಕೇಳಿಬಿಡಿ.

ಹದಿನೈದು ವರ್ಷ ಆಡಿಟ್ ಮಾಡಿದ ಸಿಎ: ಮುಂದೆ ಹಾಕಿದ್ದು ನಿಜ, 2025ರಲ್ಲೂ ಹಾಕಿದರು. ಆದರೆ ಅದು ಆದಾಯ ತೆರಿಗೆಯ ದಿನ. ಕಂಪನಿಯ ವಾರ್ಷಿಕ ಸಭೆ ಅದರ ಜೊತೆ ಮುಂದಕ್ಕೆ ಹೋಗುವುದಿಲ್ಲ. ಸೆಪ್ಟೆಂಬರ್ 30ಕ್ಕೆ ಸಭೆ ಅಂದರೆ ನೋಟಿಸ್‌ಗೆ ಪೂರ್ತಿ 21 ದಿನ ಬೇಕು, ಕಳಿಸಿದ ದಿನವೂ ಸಭೆಯ ದಿನವೂ ಲೆಕ್ಕಕ್ಕಿಲ್ಲ. ಹಾಗಾಗಿ 8ನೇ ತಾರೀಕಿಗೇ ಹೊರಡಬೇಕು. ಅದಕ್ಕೂ ಮೊದಲು ಬೋರ್ಡ್ ಒಪ್ಪಬೇಕು, ಆಡಿಟರ್ ಸಹಿ ಹಾಕಬೇಕು. ಬೋರ್ಡ್ ಸಭೆ ಸೆಪ್ಟೆಂಬರ್ 5 ಅಂತಿಟ್ಟುಕೊಂಡು ಹಿಂದಕ್ಕೆ ಎಣಿಸಿ.

ಕಾರಣ ಬರೆಯುವಾಗ ‘ಅನಿವಾರ್ಯ ಕಾರಣಗಳಿಂದ’ ಅನ್ನಬೇಡಿ. ನನಗೆ ಬಂದ ಒಳ್ಳೆಯ ಪತ್ರವೊಂದು ಹೀಗಿತ್ತು: ‘14 ಜಾಬ್ ವರ್ಕರ್‌ಗಳಲ್ಲಿ 9 ಜನರ ಸ್ಟಾಕ್ ದೃಢೀಕರಣ ಬಂದಿದೆ. ಉಳಿದ 5 ಜನರ ಹತ್ತಿರ 38 ಲಕ್ಷದ ಮಾಲಿದೆ. ಆಗಸ್ಟ್ 4ಕ್ಕೆ ಕೊಡುತ್ತೇವೆ. ಬ್ಯಾಂಕ್, ಸಂಬಳ, ಯಂತ್ರಗಳ ಫೈಲು ಸಿದ್ಧ ಇವೆ, ಜುಲೈ 20ರಿಂದಲೇ ನೋಡಬಹುದು.’ ಕೊನೆಯ ಸಾಲೇ ಮುಖ್ಯ. ಆಡಿಟರ್ ಹುಡುಗರನ್ನು ಆ ವಾರಕ್ಕೆ ಮೀಸಲಿಟ್ಟಿರುತ್ತಾರೆ. ಅವರು ಸುಮ್ನೆ ಕೂರಬಾರದು.

ಹೊಸ ವೇಳಾಪಟ್ಟಿ: ಆಗಸ್ಟ್ 4 ಸ್ಟಾಕ್, 11ಕ್ಕೆ ಟ್ರಯಲ್ ಬ್ಯಾಲೆನ್ಸ್ ಲಾಕ್, 14ಕ್ಕೆ ಡ್ರಾಫ್ಟ್ ಬ್ಯಾಲೆನ್ಸ್ ಶೀಟ್, 28ರೊಳಗೆ ಪ್ರಶ್ನೆಗಳಿಗೆ ಉತ್ತರ. ಪ್ರತಿ ದಿನಾಂಕದ ಎದುರು ಯಾರ ಜವಾಬ್ದಾರಿ ಅಂತ ಬರೆಯಿರಿ. ಲಾಕ್ ಆದಮೇಲೆ ಆಡಿಟರ್‌ಗೆ ಹೇಳದೆ ಒಂದು ಎಂಟ್ರಿಯನ್ನೂ ಹಾಕಬೇಡಿ. ಎರಡನೇ ಸಲ ಸಮಯ ಕೇಳುವ ಪರಿಸ್ಥಿತಿ ಜಾಸ್ತಿ ಬರುವುದು ಅಲ್ಲೇ.

ಅಂಗಡಿ ಮಾಲೀಕರು: ನನಗೂ ಜಿಎಸ್‌ಟಿ ಆಡಿಟ್ ನೋಟಿಸ್ ಬಂದಿತ್ತು. 15 ದಿನ ಕೇಳಿದೆ, ಅಧಿಕಾರಿ ಕೊಟ್ಟರು. ಸ್ವೀಕೃತಿ ಇಟ್ಟುಕೊಳ್ಳಿ.

ಕೇಳಿದವರು: ಅದಲ್ಲ ಸರ್, ಇದು ಇಲಾಖೆಗಲ್ಲ, ನಮ್ಮ ಸ್ಟ್ಯಾಚುಟರಿ ಆಡಿಟರ್‌ಗೆ. ಇನ್ನೊಂದು ಮಾತು. ಸ್ಟೋರ್ಸ್ ಲೆಕ್ಕ ನೋಡುತ್ತಿದ್ದ ಇಬ್ಬರು ಜೂನ್‌ನಲ್ಲಿ ಕೆಲಸ ಬಿಟ್ಟರು. ಅದನ್ನೂ ಬರೆಯಬೇಕಾ?

ಸಿಎ: ಬರೆಯಿರಿ. ಆ ಕೆಲಸ ಈಗ ಯಾರು ನೋಡುತ್ತಿದ್ದಾರೆ ಅಂತಲೂ ಹೇಳಿ. ಹೇಗಿದ್ದರೂ ಚಲನ್ ಮೇಲಿನ ಸಹಿ ಬದಲಾದದ್ದು ಆಡಿಟ್‌ನಲ್ಲಿ ಕಾಣುತ್ತದೆ.

ನಿವೃತ್ತ ಫೈನಾನ್ಸ್ ಮ್ಯಾನೇಜರ್: ನಾನಾದರೆ ಅದನ್ನು ಎದುರು ಕೂತು ಹೇಳುತ್ತೇನೆ, ಪತ್ರದಲ್ಲಿ ಹಾಕುವುದಿಲ್ಲ. ಪತ್ರ ಅವರ ಫೈಲ್ ಸೇರುತ್ತದೆ. ಆಮೇಲೆ ಕಂಟ್ರೋಲ್ ಸರಿ ಇಲ್ಲ ಅಂತ ವರದಿಯಲ್ಲಿ ಬರೆಯಲು ಅದೇ ಆಧಾರ ಆಗಬಹುದು.

ಸಿಎ: ಎದುರಿಗೆ ಹೇಳಿದ್ದನ್ನೂ ನಾವು ಬರೆದಿಟ್ಟುಕೊಳ್ಳುತ್ತೇವೆ ಸರ್.

ಕೇಳಿದವರು: ಎಂಡಿ ಹತ್ತಿರ ಕೇಳಿ ನಿರ್ಧಾರ ಮಾಡುತ್ತೇನೆ. ನಮ್ಮಲ್ಲಿ ಆರು ಜಾಬ್ ವರ್ಕರ್‌ಗಳದ್ದು ಬಾಕಿ ಇದೆ. ಮೊದಲು ಅವರಿಗೆ ಫೋನ್ ಮಾಡಿ ದಿನಾಂಕ ತಗೊಂಡು, ಆಮೇಲೆ ಪತ್ರಕ್ಕೆ ಕೂರುತ್ತೇನೆ.