‘ಅಕಡೆಮಿಕ್ ಪ್ರೊಬೇಷನ್’: ಕನ್ನಡದಲ್ಲಿ ಏನನ್ನೋಣ?

ಶಿವಣ್ಣ, ತುಮಕೂರು

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು, ಸ್ವಲ್ಪ ಬೇಗನೇ ಬೇಕು.

ನನ್ನ ತಮ್ಮನ ಮಗಳು ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಮೊದಲ ಸೆಮಿಸ್ಟರ್ ಮುಗಿದ ಮೇಲೆ ಅವಳಿಗೆ ಯೂನಿವರ್ಸಿಟಿಯಿಂದ ಒಂದು ಪತ್ರ ಬಂದಿದೆ. ತಲೆಬರಹದಲ್ಲೇ ‘ಅಕಡೆಮಿಕ್ ಪ್ರೊಬೇಷನ್’ ಅಂತಿದೆ. ಅವಳೇ ಅದನ್ನು ಮುಚ್ಚಿಡದೆ ಅಪ್ಪನಿಗೆ ಕಳಿಸಿದ್ದಾಳೆ. ತಮ್ಮ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾನೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ಪ್ರೊಬೇಷನ್ ಅಂದ್ರೆ ಅವನಿಗೆ ನೆನಪಾಗುವುದು ಕೋರ್ಟು. ಮಗಳೇನೋ ತಪ್ಪು ಮಾಡಿದ್ದಾಳೆ, ಕಾಲೇಜಿಂದ ಹೊರಗೆ ಹಾಕಿದ್ದಾರೆ ಅಂತ ಕೂತುಬಿಟ್ಟಿದ್ದಾನೆ. ಬ್ಯಾಂಕ್ ಸಾಲ ಬೇರೆ.

ಪತ್ರದಲ್ಲಿ ಮುಖ್ಯವಾದ ಮಾತು ಮೂರು. ಒಟ್ಟು ಜಿಪಿಎ 2.67 ಇದೆ, 3.0 ಇರಬೇಕಿತ್ತು. ಮುಂದಿನ ಸೆಮಿಸ್ಟರ್ ಮುಗಿಯುವುದರೊಳಗೆ ‘ಗುಡ್ ಸ್ಟ್ಯಾಂಡಿಂಗ್’ಗೆ ಮರಳಬೇಕು. ಅಡ್ವೈಸರ್ ಅವರನ್ನು ಕಂಡು ಮಾತಾಡುವವರೆಗೂ ಕೋರ್ಸ್ ನೋಂದಣಿಗೆ ‘ಹೋಲ್ಡ್’ ಇರುತ್ತದೆ.

ಇದನ್ನು ಅವನಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದುಕೊಡಬೇಕು. ಪ್ರೊಬೇಷನ್‌ಗೆ, ಗುಡ್ ಸ್ಟ್ಯಾಂಡಿಂಗ್‌ಗೆ ಏನು ಪದ ಬಳಸಲಿ?

ನಾಗರಾಜ್, ಮುಳಬಾಗಿಲು

ಶಿವಣ್ಣನವರೇ, ಇದಕ್ಕೆ ಸಿದ್ಧ ಪದ ಇದೆ. ಸರ್ಕಾರಿ ನೌಕರಿಯಲ್ಲಿ ‘ಖಾಯಂಪೂರ್ವ ಸೇವಾವಧಿ’ ಅನ್ನುತ್ತೇವೆ. ನಾನು ತಾಲ್ಲೂಕು ಕಚೇರಿಯಲ್ಲಿ ಇದ್ದಾಗ ದಿನಾ ಬರೆಯುತ್ತಿದ್ದ ಮಾತು. ಹೊಸಬರನ್ನು ನೋಡಿಕೊಂಡು, ಕೆಲಸ ಸರಿ ಇದ್ದರೆ ಖಾಯಂ ಮಾಡುವುದು. ಇಲ್ಲೂ ಹಾಗೇ, ಮೊದಲ ಸೆಮಿಸ್ಟರ್ ಅಲ್ವಾ, ಅದಕ್ಕೇ ಹಾಕಿದ್ದಾರೆ. ಕೋರ್ಟಿನ ಅರ್ಥದಲ್ಲಾದರೆ ‘ಪರಿವೀಕ್ಷಣೆ’. ಅದು ಇಲ್ಲಿಗೆ ಬೇಡ.

ಇನ್ನೊಂದು ಮಾತು. ಪ್ರೊಬೇಷನ್ ಅಂದ ತಕ್ಷಣ ವೀಸಾ ರದ್ದಾಗುತ್ತದೆ ಅಂತ ಕೇಳಿದ್ದೇನೆ. ಟಿಕೆಟ್ ನೋಡಿಟ್ಟುಕೊಳ್ಳಲಿ.

ಅನಸೂಯ, ತುಮಕೂರು

ಶಿವಣ್ಣ, ಮೊದಲು ನಿಮ್ಮ ತಮ್ಮನಿಗೆ ಫೋನ್ ಮಾಡಿ, ಮಗಳನ್ನು ಹೊರಗೆ ಹಾಕಿಲ್ಲ ಅಂತ ಹೇಳಿಬಿಡಿ. ಪದ ಆಮೇಲೆ ನೋಡೋಣ. ನಾನು ಅಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳ ಅಡ್ವೈಸರ್ ಆಗಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಇಂಥ ಪತ್ರಗಳನ್ನು ನಾನೇ ಬರೆದು ಕಳಿಸಿದ್ದೇನೆ.

ನಾಗರಾಜ್ ಅವರೇ, ನೀವು ಹೇಳಿದ್ದರಲ್ಲಿ ‘ನೋಡಿಕೊಂಡು ತೀರ್ಮಾನ ಮಾಡುವ ಅವಧಿ’ ಅನ್ನುವುದು ಸರಿ. ಆದರೆ ನೌಕರಿಯಲ್ಲಿ ಹೊಸದಾಗಿ ಸೇರಿದ ಎಲ್ಲರೂ ಅದನ್ನು ದಾಟಬೇಕು. ಇದು ಹಾಗಲ್ಲ. ಅಂಕ ಒಂದು ಗೆರೆಗಿಂತ ಕೆಳಗೆ ಇಳಿದವರಿಗೆ ಮಾತ್ರ ಬರುವುದು. ಆ ಗೆರೆ ಅಲ್ಲಿ 4ಕ್ಕೆ ಲೆಕ್ಕ. ಪದವಿ ಓದುವವರಿಗೆ ಸಾಮಾನ್ಯವಾಗಿ 2.0, ಎಂ.ಎಸ್. ಓದುವವರಿಗೆ 3.0. ಇಲ್ಲಿಂದ ಹೋದ ಮಕ್ಕಳು ಎಡವುವುದು ಇಲ್ಲೇ. ನಮ್ಮಲ್ಲಿ ಪಾಸಾದರೆ ಪಾಸು. ಅಲ್ಲಿ ಎಂ.ಎಸ್.ನಲ್ಲಿ ಸಿ ಪ್ಲಸ್ ಬಂದರೆ ಆ ಕೋರ್ಸು ಪಾಸಾಗಿರಬಹುದು, ಸರಾಸರಿ ಮಾತ್ರ ಗೆರೆಯ ಕೆಳಗೆ ಬಿದ್ದಿರುತ್ತದೆ.

ವೀಸಾ ವಿಷಯ: ಪ್ರೊಬೇಷನ್ ಬಂದ ಮಾತ್ರಕ್ಕೆ ವಿದ್ಯಾರ್ಥಿ ವೀಸಾಕ್ಕೆ ಏನೂ ಆಗುವುದಿಲ್ಲ. ಯೂನಿವರ್ಸಿಟಿಯೇ ಡಿಸ್ಮಿಸ್ ಮಾಡಿದರೆ, ಇಲ್ಲವೇ ಪೂರ್ಣಾವಧಿ ವಿದ್ಯಾರ್ಥಿಯಾಗಿ ಉಳಿಯದಿದ್ದರೆ ಮಾತ್ರ ತೊಂದರೆ. ಟಿಕೆಟ್ ನೋಡುವ ಅಗತ್ಯ ಇಲ್ಲ.

ಅವಳ ಗ್ರೇಡುಗಳು ಏನೇನು ಅಂತ ಕೇಳಿ ತಿಳಿಸುತ್ತೀರಾ? ಎಷ್ಟು ಕ್ರೆಡಿಟ್ ಅಂತಲೂ ಬೇಕು. ಲೆಕ್ಕ ಹಾಕದೆ ಏನೂ ಹೇಳುವುದಕ್ಕೆ ಆಗುವುದಿಲ್ಲ.

ಪವನ್, ಚಿಕ್ಕಬಳ್ಳಾಪುರ

ಸರ್, ಇದು ನಮ್ಮ ಇಯರ್ ಬ್ಯಾಕ್ ಅಲ್ವಾ? ನನಗೂ ಇಂಜಿನಿಯರಿಂಗ್‌ನಲ್ಲಿ ಆಯ್ತು. ಸಬ್ಜೆಕ್ಟ್ ಜಾಸ್ತಿ ಉಳಿದುಕೊಂಡವು, ಮುಂದಿನ ವರ್ಷಕ್ಕೆ ಬಿಡಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತು ಬರೆದು ಕ್ಲಿಯರ್ ಮಾಡಿದೆ. ಅಪ್ಪನಿಗೆ ಅರ್ಥ ಆಗಬೇಕು ಅಂದ್ರೆ ‘ಇಯರ್ ಬ್ಯಾಕ್’ ಅಂತಲೇ ಹೇಳಿ, ತಕ್ಷಣ ಅರ್ಥ ಆಗುತ್ತೆ.

ಶಿವಣ್ಣ, ತುಮಕೂರು

ಅನಸೂಯಮ್ಮ, ಫೋನ್ ಮಾಡಿ ಹೇಳಿದೆ. ಸ್ವಲ್ಪ ಸಮಾಧಾನ ಆದ. ಹುಡುಗಿಯನ್ನೂ ಕೇಳಿದೆ. ಮೂರು ಕೋರ್ಸು, ಒಂದೊಂದಕ್ಕೂ ಮೂರು ಕ್ರೆಡಿಟ್. ಒಂದರಲ್ಲಿ ಬಿ, ಒಂದರಲ್ಲಿ ಬಿ ಮೈನಸ್, ಒಂದರಲ್ಲಿ ಸಿ ಪ್ಲಸ್. ಮುಂದಿನ ಸಲ ಮೂರಕ್ಕೆ ಮೂರರಲ್ಲೂ ಬಿ ಪ್ಲಸ್ ತೆಗೆದರೆ ಆಯ್ತು ದೊಡ್ಡಪ್ಪ ಅಂದಳು. ಬಿ ಪ್ಲಸ್ ಅಂದ್ರೆ 3.3 ಅಂತೆ, 3.0ಕ್ಕಿಂತ ಮೇಲೇ ಇದೆಯಲ್ಲ.

ತಮ್ಮ ತಾನೇ ಯೂನಿವರ್ಸಿಟಿಗೆ ಇಮೇಲ್ ಬರೆಸಿ ವಿವರ ಕೇಳಬೇಕು ಅಂತಿದ್ದಾನೆ. ಬರೆಸಲಾ?

ಅನಸೂಯ, ತುಮಕೂರು

ಪವನ್, ನಿಮ್ಮ ಇಯರ್ ಬ್ಯಾಕ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಯರ್ ಬ್ಯಾಕ್ ಅಂದರೆ ದಾರಿ ನಿಂತುಹೋಯಿತು, ಹಳೆಯದನ್ನು ಮುಗಿಸಿ ಬಾ ಅಂತ. ಇಲ್ಲಿ ಅವಳು ಮುಂದಿನ ಸೆಮಿಸ್ಟರಿನ ಕ್ಲಾಸಿಗೆ ಹೋಗುತ್ತಾಳೆ, ಹೊಸ ಕೋರ್ಸು ಓದುತ್ತಾಳೆ. ಓದುತ್ತಲೇ ಸರಾಸರಿಯನ್ನು ಮೇಲೆ ತರಬೇಕು. ಅಪ್ಪನಿಗೆ ‘ಇಯರ್ ಬ್ಯಾಕ್’ ಅಂದರೆ ಒಂದು ವರ್ಷ ಹೋಯಿತು ಅಂತ ಮತ್ತೆ ಕೊರಗುತ್ತಾರೆ.

ಶಿವಣ್ಣ, ಈಗ ಲೆಕ್ಕ. ಪೆನ್ನು ಹಿಡಿದು ಕೂರಿ. ಬಿ ಅಂದರೆ 3.0, ಬಿ ಮೈನಸ್ 2.7, ಸಿ ಪ್ಲಸ್ 2.3. ಒಂದೊಂದನ್ನೂ ಮೂರು ಕ್ರೆಡಿಟ್‌ನಿಂದ ಗುಣಿಸಿದರೆ 9, 8.1, 6.9. ಒಟ್ಟು 24. ಅದನ್ನು ಒಂಬತ್ತು ಕ್ರೆಡಿಟ್‌ನಿಂದ ಭಾಗಿಸಿದರೆ ಪತ್ರದಲ್ಲಿರುವ 2.67 ಬರುತ್ತದೆ. 3.0 ಇರಬೇಕಾದರೆ 27 ಪಾಯಿಂಟ್ ಬೇಕಿತ್ತು. ಅಂದರೆ ಮೂರು ಪಾಯಿಂಟ್ ಸಾಲ ಉಳಿದಿದೆ.

ಮುಂದಿನ ಸೆಮಿಸ್ಟರಿನಲ್ಲಿ ಆ ಒಂಬತ್ತು ಕ್ರೆಡಿಟ್‌ಗೆ ಬೇಕಾದ 27ರ ಜೊತೆ ಈ ಮೂರನ್ನೂ ತೀರಿಸಬೇಕು. ಒಟ್ಟು 30. ಮೂರು ಬಿ ಪ್ಲಸ್‌ಗೆ ಸಿಗುವುದು 29.7. ಎರಡೂ ಸೆಮಿಸ್ಟರ್ ಸೇರಿ 53.7, ಅದನ್ನು 18ರಿಂದ ಭಾಗಿಸಿದರೆ 2.98. ಹುಡುಗಿ ‘ಆಯ್ತು’ ಅಂದುಕೊಂಡಿದ್ದಾಳಲ್ಲ, ಆಗುವುದಿಲ್ಲ. 2.98 ಅನ್ನು ಮೂರು ಅಂತ ಲೆಕ್ಕ ಹಿಡಿದುಕೊಳ್ಳುತ್ತಾರೆ ಅಂತ ನಂಬಿ ಕೂರಬಾರದು. ಆ ಸೆಮಿಸ್ಟರಿನ ಸರಾಸರಿ 3.3 ಇದ್ದರೂ ಒಟ್ಟು ಸರಾಸರಿ ಗೆರೆಯ ಕೆಳಗೇ ಉಳಿದಿರುತ್ತದೆ. ನನ್ನ ಮುಂದೆ ಕೂತ ಎಷ್ಟೋ ಮಕ್ಕಳು ‘ಈ ಸಲ ಚೆನ್ನಾಗಿ ಮಾಡಿದ್ದೀನಲ್ಲ ಮೇಡಂ’ ಅಂತ ಕಣ್ಣೀರು ಹಾಕಿದ್ದು ಈ ಒಂದು ಲೆಕ್ಕಕ್ಕೆ.

ಒಂದರಲ್ಲಿ ಎ ಮೈನಸ್, ಉಳಿದೆರಡರಲ್ಲಿ ಬಿ ಪ್ಲಸ್ ಬಂದರೆ 30.9. ಆಗ ಒಟ್ಟು 3.05, ದಾಟಿದಳು. ಒಂದರಲ್ಲಿ ಎ, ಉಳಿದೆರಡರಲ್ಲಿ ಬಿ ಬಂದರೂ ಸರಿಯಾಗಿ 3.00. ಹಾಗಾಗಿ ಅವಳು ಯಾವ ಕೋರ್ಸಿನಲ್ಲಿ ಎ ತೆಗೆಯಬಲ್ಲಳು ಅನ್ನುವುದನ್ನು ನೋಂದಣಿಗೆ ಮುಂಚೆಯೇ ಯೋಚಿಸಬೇಕು.

ನೋಂದಣಿಗೆ ‘ಹೋಲ್ಡ್’ ಹಾಕುವುದೂ ಇದಕ್ಕೇ. ಅದು ಶಿಕ್ಷೆ ಅಲ್ಲ. ಅಡ್ವೈಸರ್ ಹತ್ತಿರ ಬಾ, ಇಬ್ಬರೂ ಕೂತು ಕೋರ್ಸು ಆರಿಸೋಣ ಅಂತ. ಅಲ್ಲಿಗೆ ಹೋಗುವಾಗ ಅವಳು ಈ ಲೆಕ್ಕವನ್ನು ಬರೆದುಕೊಂಡೇ ಹೋಗಲಿ. ಸಿ ಪ್ಲಸ್ ಯಾಕೆ ಬಂತು ಅಂತ ಕೇಳುತ್ತಾರೆ. ಪ್ರಾಜೆಕ್ಟ್ ತಡವಾಯಿತೋ, ಗಣಿತ ಕಷ್ಟವಾಯಿತೋ, ಮೈಗೆ ಹುಷಾರಿರಲಿಲ್ಲವೋ, ಇದ್ದದ್ದನ್ನೇ ಹೇಳಲಿ. ಅದನ್ನು ನೋಡಿ ಒಂದು ಯೋಜನೆ ಬರೆದು ಇಬ್ಬರೂ ಸಹಿ ಮಾಡುತ್ತಾರೆ. ಆಮೇಲೆ ಹೋಲ್ಡ್ ತೆಗೆಯುತ್ತಾರೆ. ಈ ಭೇಟಿಯನ್ನು ಮುಂದಕ್ಕೆ ಹಾಕುತ್ತಾ ಹೋದರೆ ಒಳ್ಳೆಯ ಕೋರ್ಸುಗಳ ಸೀಟು ತುಂಬಿಹೋಗುತ್ತವೆ, ಕಷ್ಟದವೇ ಉಳಿಯುತ್ತವೆ.

ಒಂದು ಕಡೆ ಮಾತ್ರ ತುಂಬಾ ಜೋಪಾನ. ಸೆಮಿಸ್ಟರ್ ನಡುವೆ ಒಂದು ಕೋರ್ಸು ಕೈಕೊಡುವ ಹಾಗೆ ಕಂಡರೆ ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಟ್ಟ ಕೋರ್ಸು ಸರಾಸರಿಗೆ ಸೇರುವುದಿಲ್ಲ, ನಿಜ. ಆದರೆ ಉಳಿದ ಆರು ಕ್ರೆಡಿಟ್‌ನಲ್ಲೇ ಆ ಮೂರು ಪಾಯಿಂಟ್ ಸಾಲ ತೀರಿಸಬೇಕಾದರೆ ಸರಾಸರಿ 3.5 ಬೇಕಾಗುತ್ತದೆ. ಜೊತೆಗೆ ಎಂ.ಎಸ್. ಮಕ್ಕಳಿಗೆ ಬಹಳ ಕಡೆ ಒಂಬತ್ತು ಕ್ರೆಡಿಟ್ ಇದ್ದರೇ ಪೂರ್ಣಾವಧಿ. ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಒಪ್ಪಿಗೆ ಮೊದಲೇ ಪಡೆಯದೆ ಅದಕ್ಕಿಂತ ಕೆಳಗೆ ಇಳಿದರೆ, ನಾಗರಾಜ್ ಅವರು ಹೆದರಿದ ವೀಸಾ ತೊಂದರೆ ನಿಜವಾಗಿಯೂ ಬರುವುದು ಆಗ.

ತಮ್ಮನ ಇಮೇಲ್ ಬೇಡ ಶಿವಣ್ಣ. 1974ರಿಂದ ಅಲ್ಲೊಂದು ಕಾನೂನಿದೆ. ಕಾಲೇಜಿಗೆ ಸೇರಿದ ಮೇಲೆ ಅಂಕದ ದಾಖಲೆ ಮಕ್ಕಳದ್ದು, ಅಪ್ಪ ಅಮ್ಮನದ್ದಲ್ಲ. ಅವಳು ಲಿಖಿತ ಒಪ್ಪಿಗೆ ಕೊಡದೆ ಕಚೇರಿಯವರು ಅವರಿಗೆ ಏನೂ ಹೇಳುವುದಿಲ್ಲ. ಉತ್ತರ ಬರಲಿಲ್ಲ ಅಂತ ಇನ್ನಷ್ಟು ಗಾಬರಿಯಾಗುತ್ತಾರೆ.

ನಾಗರಾಜ್, ಮುಳಬಾಗಿಲು

ಲೆಕ್ಕ ನೋಡಿದೆ, ಚೆನ್ನಾಗಿ ಬಿಡಿಸಿದ್ದೀರಿ. ಹಾಗಾದರೆ ‘ಖಾಯಂಪೂರ್ವ’ ಬೇಡ. ‘ನಿಗಾ ಅವಧಿ’ ಅನ್ನಬಹುದಾ? ನಿಗಾ ಅಂದರೆ ಹೊರಗೆ ಹಾಕಿಲ್ಲ, ಕಣ್ಣಿಟ್ಟಿದ್ದಾರೆ ಅಂತ ಆಗುತ್ತೆ. ಆಸ್ಪತ್ರೆಯ ನಿಗಾ ಘಟಕ ನೆನಪಾಗಬಹುದು, ಅದೊಂದೇ ಅನುಮಾನ.

ಪವನ್, ಚಿಕ್ಕಬಳ್ಳಾಪುರ

‘ಎಚ್ಚರಿಕೆ ಅವಧಿ’ ಅಂದ್ರೆ ಇನ್ನೂ ಸುಲಭ ಅಲ್ವಾ? ಮತ್ತೆ ಒಂದು ಡೌಟು ಮೇಡಂ. ಆ ಸಿ ಪ್ಲಸ್ ಬಂದ ಕೋರ್ಸನ್ನೇ ಮತ್ತೆ ತಗೊಂಡು ಎ ಮಾಡಿದರೆ ಹಳೇದು ಹೋಗುತ್ತಾ? ನಮ್ಮಲ್ಲಿ ಫೇಲಾದ ಸಬ್ಜೆಕ್ಟ್ ಮತ್ತೆ ಬರೆದರೆ ಹೊಸ ಮಾರ್ಕ್ಸ್ ಬರುತ್ತಲ್ಲ.

ಅನಸೂಯ, ತುಮಕೂರು

ಪವನ್, ಒಳ್ಳೆ ಪ್ರಶ್ನೆ. ಇದು ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ಬೇರೆ. ಕೆಲವು ಕಡೆ ಹೊಸ ಗ್ರೇಡ್ ಹಳೆಯದರ ಜಾಗಕ್ಕೆ ಬರುತ್ತದೆ. ಕೆಲವು ಕಡೆ ಎರಡೂ ಲೆಕ್ಕಕ್ಕೆ ಸೇರುತ್ತವೆ. ಎಂ.ಎಸ್. ಮಕ್ಕಳಿಗೆ ನಿಯಮ ಇನ್ನೂ ಬಿಗಿ ಇರಬಹುದು. ಮೊದಲನೆಯ ರೀತಿ ಇದ್ದು ಅವಳಿಗೆ ಆ ಕೋರ್ಸಿನಲ್ಲಿ ಎ ಬಂದರೆ, 6.9ರ ಜಾಗಕ್ಕೆ 12 ಬರುತ್ತದೆ, ಸಾಲ ಅದೊಂದರಲ್ಲೇ ತೀರಿ ಮಿಗುತ್ತದೆ. ಎರಡನೆಯ ರೀತಿ ಇದ್ದರೆ ಎ ಬಂದ ಯಾವುದೇ ಹೊಸ ಕೋರ್ಸಿನಷ್ಟೇ ಲಾಭ. ಅವಳ ಡಿಪಾರ್ಟ್‌ಮೆಂಟಿನ ಕೈಪಿಡಿಯಲ್ಲಿ ‘ರಿಪೀಟ್’ ಅನ್ನುವ ಭಾಗ ಓದಿ, ಅಡ್ವೈಸರ್ ಕೈಲಿ ಬರಹದಲ್ಲಿ ಉತ್ತರ ತಗೊಳ್ಳಲಿ.

ಪದದ ವಿಷಯದಲ್ಲಿ ನನಗೆ ನಾಗರಾಜ್ ಅವರ ‘ನಿಗಾ’ ಹಿಡಿಸಿತು. ‘ಎಚ್ಚರಿಕೆ’ಯಲ್ಲಿ ಒಂದು ತೊಡಕು ಇದೆ. ಕೆಲವು ಕಡೆ ಪ್ರೊಬೇಷನ್‌ಗೆ ಮುಂಚೆ ಬರೀ ಎಚ್ಚರಿಕೆ ಪತ್ರ ಅಂತ ಬೇರೆಯೇ ಒಂದು ಹಂತ ಇರುತ್ತದೆ. ಎರಡೂ ಒಂದೇ ಅಂದುಕೊಂಡರೆ ಈ ಪತ್ರವನ್ನು ಹಗುರವಾಗಿ ತಗೊಳ್ಳುತ್ತಾರೆ. ಇದರ ಮುಂದಿನ ಹಂತ ಡಿಸ್ಮಿಸಲ್, ಅದನ್ನು ತಮ್ಮನಿಂದ ಮುಚ್ಚಿಡಬೇಡಿ. ಅಲ್ಲಿಗೆ ಹೋದರೂ ಮೇಲ್ಮನವಿ ಹಾಕಿಕೊಳ್ಳಲು ಸಾಮಾನ್ಯವಾಗಿ ಅವಕಾಶ ಇರುತ್ತದೆ. ಆದರೆ ಅದಕ್ಕೆ ಸಿಗುವ ದಿನಗಳು ಕಡಿಮೆ.

ಶಿವಣ್ಣ, ತುಮಕೂರು

ಇಷ್ಟು ಬರೆದಿದ್ದೇನೆ, ನೋಡಿ ಹೇಳಿ: ‘ನಿಮ್ಮ ಒಟ್ಟು ಸರಾಸರಿ 3.0ಕ್ಕಿಂತ ಕಡಿಮೆ ಇರುವುದರಿಂದ ನಿಮ್ಮನ್ನು ಒಂದು ಸೆಮಿಸ್ಟರ್ ನಿಗಾದಲ್ಲಿ ಇಡಲಾಗಿದೆ. ಓದು ಮುಂದುವರಿಸಬಹುದು. ಸಲಹೆಗಾರರನ್ನು ಕಂಡ ಮೇಲೆ ನೋಂದಣಿ ಮಾಡಿಕೊಡುತ್ತೇವೆ. ಸೆಮಿಸ್ಟರ್ ಕೊನೆಗೆ ಒಟ್ಟು ಸರಾಸರಿ 3.0 ಮುಟ್ಟಿದರೆ ನಿಗಾ ಮುಗಿಯುತ್ತದೆ.’

‘ಗುಡ್ ಸ್ಟ್ಯಾಂಡಿಂಗ್’ಗೆ ಪದವೇ ಸಿಗದೆ ‘ನಿಗಾ ಮುಗಿಯುತ್ತದೆ’ ಅಂತ ಬರೆದೆ. ಹುಡುಗಿಗೆ ಲೆಕ್ಕ ಕಳಿಸಿದೆ, ಬುಧವಾರ ಅಡ್ವೈಸರ್ ಭೇಟಿ ಇದೆಯಂತೆ.

ಅನಸೂಯ, ತುಮಕೂರು

ಚೆನ್ನಾಗಿದೆ. ‘ಓದು ಮುಂದುವರಿಸಬಹುದು’ ಅನ್ನುವ ವಾಕ್ಯವನ್ನು ಮೊದಲಿಗೇ ತನ್ನಿ, ನಿಮ್ಮ ತಮ್ಮ ಹುಡುಕುವುದು ಅದನ್ನೇ. ಗುಡ್ ಸ್ಟ್ಯಾಂಡಿಂಗ್‌ಗೆ ನನಗೂ ಒಂದು ಪದ ಹೊಳೆಯುತ್ತಿಲ್ಲ. ‘ಸುಸ್ಥಿತಿ’ ಅಂದರೆ ಆರೋಗ್ಯದ ಮಾತಾಗುತ್ತದೆ. ಕೋಲಾರದ ಕಡೆಯವರು, ಬೇರೆಯವರು, ಯಾರಿಗಾದರೂ ಹೊಳೆದರೆ ಬರೆಯಿರಿ.