ಉದ್ದನೆಯ ಕೇಸ್ ಪ್ರಶ್ನೆಯಲ್ಲಿ ಯಾವ ಪದ ಹಿಡಿಯಬೇಕು? ಅನುಭವ ಹಂಚಿಕೊಳ್ಳಿ

ಕೇಳಿದವರು: ಎರಡನೇ ಸುತ್ತು

ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಎರಡು ಸಲ ಮುಗಿಸಿದ್ದೇನೆ. ಆದರೂ ಉದ್ದನೆಯ ಕೇಸ್ ಪ್ರಶ್ನೆ ಬಂದರೆ ಎಲ್ಲ ಪದಗಳೂ ಮುಖ್ಯವೆನಿಸುತ್ತವೆ. ನಿನ್ನೆಯ ಅಣಕು ಪರೀಕ್ಷೆಯಲ್ಲಿ ಹದಿನಾಲ್ಕರ ಹುಡುಗ, ಗಂಟಲು ನೋವಾಗಿ ಐದು ದಿನಕ್ಕೆ ಕೋಲಾ ಬಣ್ಣದ ಮೂತ್ರ. ಸಿ3 ಕೊಟ್ಟಿರಲಿಲ್ಲ. ನನ್ನ ಉತ್ತರ ತಪ್ಪಾಯಿತು. ಹಳೆಯ ಪ್ರಶ್ನೆಗಳನ್ನು ಇಟ್ಟುಕೊಂಡು ಮುಖ್ಯ ಸುಳಿವನ್ನು ಹೆಕ್ಕುವುದನ್ನು ನೀವೆಲ್ಲ ಹೇಗೆ ಕಲಿತಿರಿ?

ಮೂರನೇ ಯತ್ನ

ನನ್ನ ಎರಡನೇ ಯತ್ನ ಹಾಳಾದದ್ದೇ ಹಳೆಯ ಪ್ರಶ್ನೆಗಳಿಂದ. ಓದದೆ ಹೋದದ್ದರಿಂದಲ್ಲ, ಓದಿದ ರೀತಿಯಿಂದ. ಪ್ರತಿ ಪ್ರಶ್ನೆಯನ್ನೂ ಮೂರು ಸಲ ಮಾಡಿದ್ದೆ. ಮೂರನೇ ಸಲಕ್ಕೆ ಮೊದಲ ಸಾಲು ಕಂಡೊಡನೆ ಉತ್ತರ ನೆನಪಿಗೆ ಬರುತ್ತಿತ್ತು. ಅದನ್ನೇ ತಯಾರಿ ಎಂದುಕೊಂಡೆ.

ಪರೀಕ್ಷೆಯಲ್ಲಿ ಬಂದದ್ದು ಹೆಚ್ಚುಕಡಿಮೆ ಇಂಥದ್ದು: ಇಪ್ಪತ್ತೆರಡರ ಯುವಕ, ಎರಡು ದಿನಗಳಿಂದ ಗಂಟಲು ನೋವು, ಇಂದು ಬೆಳಗ್ಗೆ ಕಂದು ಬಣ್ಣದ ಮೂತ್ರ, ಕಳೆದ ವರ್ಷವೂ ಶೀತವಾದಾಗ ಒಮ್ಮೆ ಹೀಗೇ ಆಗಿತ್ತು, ರಕ್ತದೊತ್ತಡ ಸಾಧಾರಣ, ಮೂತ್ರದಲ್ಲಿ ಕೆಂಪು ರಕ್ತಕಣಗಳ ಕಾಸ್ಟ್. ನಾನು ‘ಗಂಟಲು ನೋವು’, ‘ಕಂದು ಮೂತ್ರ’ ಎಂಬ ಎರಡನ್ನು ನೋಡಿ, ಸ್ಟ್ರೆಪ್ಟೋಕಾಕಸ್ ಸೋಂಕಿನ ನಂತರದ ಗ್ಲೊಮೆರುಲೋನೆಫ್ರೈಟಿಸ್ ಎಂದು ಒತ್ತಿ ಮುಂದೆ ಹೋದೆ. ನಾನು ಅಭ್ಯಾಸ ಮಾಡಿದ್ದ ನಾಲ್ಕು ಹಳೆಯ ಪ್ರಶ್ನೆಗಳಲ್ಲೂ ಅದೇ ಉತ್ತರವಿತ್ತು. ಇಲ್ಲಿ ಸರಿ ಉತ್ತರ ಐಜಿಎ ನೆಫ್ರೋಪತಿ. ‘ಎರಡು ದಿನ’ವನ್ನೂ ‘ಕಳೆದ ವರ್ಷವೂ’ ಎಂಬುದನ್ನೂ ನನ್ನ ಕಣ್ಣು ಓದಿತ್ತು, ನಾನು ಓದಿರಲಿಲ್ಲ.

ಆಮೇಲೆ ನನ್ನ ಅಣಕು ಪರೀಕ್ಷೆಗಳನ್ನೆಲ್ಲ ತೆಗೆದು ಕುಳಿತೆ. ಒಂದರಲ್ಲಿ ತಪ್ಪಾದ 61 ಪ್ರಶ್ನೆಗಳ ಪೈಕಿ 17ರಲ್ಲಿ ವಿಷಯ ಗೊತ್ತಿತ್ತು, ಸುಳಿವು ತಪ್ಪಿತ್ತು. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಅಂದರೆ 85 ಅಂಕ. ಆ ಸಂಖ್ಯೆಯನ್ನು ಮೇಜಿನ ಮೇಲೆ ಬರೆದು ಅಂಟಿಸಿಕೊಂಡಿದ್ದೆ.

ಮೂರನೇ ಯತ್ನದಲ್ಲಿ ಹಳೆಯ ಪ್ರಶ್ನೆಗಳನ್ನು ಒಂದೊಂದಾಗಿ ಮಾಡುವುದನ್ನು ಬಿಟ್ಟು ಜೋಡಿಯಾಗಿ ಇಟ್ಟುಕೊಂಡೆ. ಸ್ಟ್ರೆಪ್ಟೋಕಾಕಸ್ ಉತ್ತರವಿರುವ ನಾಲ್ಕು, ಐಜಿಎ ಉತ್ತರವಿರುವ ಮೂರು, ಎದುರುಬದುರು. ಎರಡೂ ಕಡೆ ಇರುವ ಪದಗಳನ್ನು ಪೆನ್ಸಿಲಿನಿಂದ ಹೊಡೆದುಹಾಕಿದೆ. ಕಂದು ಮೂತ್ರ ಹೋಯಿತು, ಗಂಟಲು ನೋವು ಹೋಯಿತು, ಕಾಸ್ಟ್ ಹೋಯಿತು. ಮುಖದ ಊತವೂ ಏರಿದ ರಕ್ತದೊತ್ತಡವೂ ಒಂದು ಕಡೆಗೆ ವಾಲಿದವು, ಆದರೆ ಅವುಗಳಿಂದ ತೀರ್ಪಾಗಲಿಲ್ಲ. ಕೊನೆಗೆ ಉಳಿದದ್ದು ಮೂರೇ: ಗಂಟಲು ನೋವಿಗೂ ಮೂತ್ರಕ್ಕೂ ನಡುವಿನ ಅಂತರ, ಹಿಂದೆ ಹೀಗೆ ಆಗಿತ್ತೇ ಎಂಬುದು, ಮತ್ತು ಸಿ3. ಒಂದು ಕಡೆ ಒಂದರಿಂದ ಮೂರು ವಾರ, ಇನ್ನೊಂದು ಕಡೆ ಒಂದೆರಡು ದಿನ. ಒಂದು ಕಡೆ ಸಿ3 ಕಡಿಮೆ, ಇನ್ನೊಂದು ಕಡೆ ಸಾಧಾರಣ. ಈ ಒಂದು ಜೋಡಿಗೆ ನನಗೆ ಎರಡು ಸಂಜೆ ಹಿಡಿದವು. ಇಂಥ 130 ಜೋಡಿ ಮಾಡಲು ಐದು ತಿಂಗಳು ಬೇಕಾಯಿತು.

ಕೊನೆಯ ಸಾಲು ಮೊದಲು

ಐದು ತಿಂಗಳು ಜೋಡಿ ಮಾಡುತ್ತಾ ಕೂರಲು ಎಲ್ಲರಿಗೂ ಸಮಯವಿರುವುದಿಲ್ಲ. ನಾನು ಕೆಲಸ ಮಾಡುತ್ತಲೇ ಓದಿದವಳು, ಮೊದಲ ಯತ್ನದಲ್ಲೇ ಸೀಟು ಪಡೆದೆ. ನನ್ನ ಪದ್ಧತಿ ಒಂದೇ: ಕೊನೆಯ ಸಾಲು ಮೊದಲು, ಆಮೇಲೆ ಆಯ್ಕೆಗಳು, ಆಮೇಲೆ ಕಥೆ.

ಇದು ನನಗೆ ಅರ್ಥವಾದದ್ದು ಒಂದು ಹಳೆಯ ಪ್ರಶ್ನೆಯಿಂದ. ಏಳು ವರ್ಷದ ಮಗು, ಊದಿದ ಮುಖ, ಕೋಲಾ ಬಣ್ಣದ ಮೂತ್ರ, ಎರಡು ವಾರದ ಹಿಂದೆ ಗಂಟಲು ನೋವು, ರಕ್ತದೊತ್ತಡ 160/110, ತಲೆನೋವು, ಈಗಷ್ಟೇ ಒಮ್ಮೆ ಸೆಳೆತ. ಕಥೆಯನ್ನು ಮೊದಲಿಂದ ಓದಿದಾಗ ರೋಗ ಗುರುತಿಸಿದ ಸಂತೋಷದಲ್ಲೇ ಪೆನಿಸಿಲಿನ್ ಆಯ್ಕೆ ಮಾಡಿದ್ದೆ. ಕೊನೆಯ ಸಾಲು ಕೇಳಿದ್ದು ತಕ್ಷಣ ಏನು ಮಾಡಬೇಕು ಎಂದು. ಆ ಪ್ರಶ್ನೆಗೆ ಗಂಟಲು ನೋವು ಎಷ್ಟು ದಿನದ್ದಾದರೂ ಒಂದೇ. ಮುಖ್ಯ ಸುಳಿವು 160/110 ಮತ್ತು ಸೆಳೆತ, ಉತ್ತರ ರಕ್ತನಾಳದ ಮೂಲಕ ಕೊಡುವ ರಕ್ತದೊತ್ತಡದ ಔಷಧ. ಅದೇ ಕಥೆಯ ಕೆಳಗೆ ‘ಯಾವ ಪರೀಕ್ಷೆ ರೋಗವನ್ನು ಖಚಿತಪಡಿಸುತ್ತದೆ’ ಎಂದಿದ್ದರೆ ಸುಳಿವೂ ಬದಲಾಗುತ್ತಿತ್ತು. ಮುಖ್ಯ ಸುಳಿವು ಎಂಬುದು ಕಥೆಯೊಳಗೆ ಮೊದಲೇ ಹುದುಗಿರುವುದಿಲ್ಲ, ಕೇಳಿದ ಪ್ರಶ್ನೆಯೇ ಅದನ್ನು ಮುಖ್ಯ ಮಾಡುತ್ತದೆ.

ಒಂದು ಪ್ರಶ್ನೆಗೆ 95 ಸೆಕೆಂಡ್ ತೆಗೆದುಕೊಳ್ಳುತ್ತಿದ್ದವಳು 60ಕ್ಕೆ ಇಳಿದೆ. ಇನ್ನು ಮೂತ್ರಪಿಂಡದ ಪ್ರಶ್ನೆಗಳಲ್ಲಿ ಸಿ3 ಕಡಿಮೆ ಎಂದು ಕಂಡರೆ ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ. ಸ್ಟ್ರೆಪ್ಟೋಕಾಕಸ್ ಒತ್ತಿ ಮುಂದೆ ಹೋಗಿ.

ಮಕ್ಕಳ ವಾರ್ಡ್

ಮೇಲಿನವರ ಕೊನೆಯ ಎರಡು ವಾಕ್ಯಗಳನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಅದನ್ನು ನಂಬಿ ನನ್ನ ಜೊತೆಗೆ ಓದುತ್ತಿದ್ದವರು ಅಂಕ ಕಳೆದುಕೊಂಡಿದ್ದಾರೆ.

ಸಿ3 ಕಡಿಮೆಯಾಗುವುದು ಲೂಪಸ್ ನೆಫ್ರೈಟಿಸ್‌ನಲ್ಲೂ ಇದೆ, ಮೆಂಬ್ರನೋಪ್ರೊಲಿಫರೇಟಿವ್ ಬಗೆಯಲ್ಲೂ ಇದೆ. ಪ್ರಶ್ನೆ ಹೆಣೆಯುವವರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದಲೇ ಸಿ3ರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಟ್ಟಿರುತ್ತಾರೆ. ಸಿ4 ಕೂಡ ಕಡಿಮೆ ಎಂದಿದ್ದರೆ, ರೋಗಿ ಹದಿಹರೆಯದ ಹುಡುಗಿಯಾಗಿದ್ದು ಕೀಲುನೋವು ಇದ್ದರೆ, ನಿಮ್ಮ ದಾರಿ ಲೂಪಸ್ ಕಡೆಗೆ. ಸ್ಟ್ರೆಪ್ಟೋಕಾಕಸ್ ಬಗೆಯಲ್ಲಿ ಸಿ4 ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಇನ್ನೂ ಒಂದು ಸುಳಿವನ್ನು ಬಹಳ ಮಂದಿ ಹಾರಿಸುತ್ತಾರೆ. ನಾನು ಬಿಡಿಸಿದ ಒಂದು ಪ್ರಶ್ನೆಯಲ್ಲಿ ಕಥೆಯೆಲ್ಲ ಸ್ಟ್ರೆಪ್ಟೋಕಾಕಸ್‌ನದೇ: ಎಂಟು ವರ್ಷದ ಮಗು, ಎರಡು ವಾರದ ಹಿಂದೆ ಗಂಟಲು ನೋವು, ಊತ, ಕಂದು ಮೂತ್ರ. ನಡುವೆ ಒಂದು ಸಾಲು: ‘ಹನ್ನೆರಡು ವಾರಗಳ ನಂತರ ಮತ್ತೆ ತಪಾಸಣೆಗೆ ಬಂದಾಗ ಸಿ3 ಇನ್ನೂ ಕಡಿಮೆ.’ ಕೇಳಿದ್ದು ಮುಂದಿನ ಹೆಜ್ಜೆ. ಆ ಸಾಲನ್ನು ಬಿಟ್ಟರೆ ಉತ್ತರ ‘ಧೈರ್ಯ ಹೇಳಿ ಕಳುಹಿಸಿ’, ಹಿಡಿದರೆ ಬಯಾಪ್ಸಿ. ಆರರಿಂದ ಎಂಟು ವಾರದೊಳಗೆ ಮೇಲೇರಬೇಕಾದ ಸಿ3 ಏರಿಲ್ಲವೆಂದರೆ ಮೊದಲಿನ ರೋಗನಿರ್ಣಯವನ್ನೇ ಅನುಮಾನಿಸಬೇಕು. ಇಲ್ಲಿ ಸಿ3 ಕಡಿಮೆ ಎಂಬುದಲ್ಲ ಸುಳಿವು, ಯಾವಾಗ ಕಡಿಮೆ ಎಂಬುದು.

ಜೋಡಿ ಮಾಡಿದವರ ಪದ್ಧತಿ ಒಳ್ಳೆಯದು, ಆದರೆ ಅವರು ಬರೆದ ಅಂತರ ಗಂಟಲಿನ ಸೋಂಕಿಗೆ ಮಾತ್ರ. ಚರ್ಮದ ಸೋಂಕಾದರೆ ಮೂರರಿಂದ ಆರು ವಾರ. ಜೊತೆಗೆ ಚರ್ಮದ ಸೋಂಕಿನ ನಂತರ ಎಎಸ್ಒ ಏರದೆ ಇರಬಹುದು. ‘ಐದು ವಾರದ ಹಿಂದೆ ಕಾಲಿನ ಮೇಲೆ ಹುಣ್ಣು, ಎಎಸ್ಒ ಸಾಧಾರಣ’ ಎಂದು ಕಂಡು ಸ್ಟ್ರೆಪ್ಟೋಕಾಕಸ್ ಅಲ್ಲವೆಂದು ಬಿಟ್ಟವರಿದ್ದಾರೆ. ಅಲ್ಲಿ ಕೇಳಬೇಕಾದದ್ದು ಆ್ಯಂಟಿ ಡಿಎನ್ಏಸ್ ಬಿ.

ಕೊನೆಯ ಸಾಲು ಮೊದಲು

ನಾನು ಬರೆದದ್ದು ಪರೀಕ್ಷೆಯ ಗಡಿಯಾರದ ಎದುರು ಕುಳಿತವರಿಗಾಗಿ. ಸಿ4, ಹನ್ನೆರಡು ವಾರ ಎಲ್ಲವೂ ನನಗೂ ಗೊತ್ತು. ಹತ್ತರಲ್ಲಿ ಎಂಟು ಸಲ ಸಿ3 ಕೆಲಸ ಮಾಡುತ್ತದೆ, ನನಗೆ ಮಾಡಿದೆ. ‘ಅಂಕ ಕಳೆದುಕೊಂಡಿದ್ದಾರೆ’ ಎಂದು ನನ್ನ ಮೇಲೆ ಹೊರಿಸುವುದು ನ್ಯಾಯವಲ್ಲ.

ಮಕ್ಕಳ ವಾರ್ಡ್

ಹತ್ತರಲ್ಲಿ ಎಂಟು ಎಂದು ನೀವು ಎಣಿಸಿದ್ದೀರಾ? ಎಣಿಸಿದ್ದರೆ ಹೇಳಿ, ನಾನು ತಿದ್ದಿಕೊಳ್ಳುತ್ತೇನೆ. ಎಣಿಸದೆ ಇನ್ನೊಬ್ಬರಿಗೆ ‘ಓದುವ ಅಗತ್ಯವಿಲ್ಲ’ ಎನ್ನಬೇಡಿ. ಕೊನೆಯ ಸಾಲಿನ ಬಗ್ಗೆ ನೀವು ಹೇಳಿದ್ದು ಸರಿ, ಅದನ್ನು ನಾನೂ ಮಾಡುತ್ತೇನೆ.

ರಾತ್ರಿ ಪಾಳಿ

ನಾನು ಹದಿನೊಂದು ವರ್ಷ ರೋಗಿಗಳನ್ನು ನೋಡಿದ ಮೇಲೆ ಮತ್ತೆ ಪರೀಕ್ಷೆಗೆ ಕುಳಿತವನು. ನನಗೆ ಕಷ್ಟವಾದದ್ದು ಬೇರೆ. ಯಾವ ತಾಯಿಯೂ ಬಂದು ‘ಹದಿನಾಲ್ಕು ದಿನದ ಹಿಂದೆ ಗಂಟಲು ನೋವಿತ್ತು’ ಎನ್ನುವುದಿಲ್ಲ. ‘ಆವಾಗೊಮ್ಮೆ ಜ್ವರ ಬಂದಿತ್ತು’ ಎನ್ನುತ್ತಾಳೆ, ದಿನ ಎಣಿಸುವುದು ನಮ್ಮ ಕೆಲಸ. ಹಾಗಾಗಿ ರೋಗಿ ಹೇಳುವ ದಿನಗಳ ಲೆಕ್ಕವನ್ನು ನಂಬದಿರಲು ನಾನು ಕಲಿತಿದ್ದೆ. ಪರೀಕ್ಷೆಯಲ್ಲೂ ಅದನ್ನೇ ಮಾಡಿ ಎರಡು ಸಲ ಸೋತೆ. ‘ಎರಡು ದಿನ’ ಎಂದಿದ್ದರೂ ‘ಇರಲಿಕ್ಕಿಲ್ಲ, ಮೊದಲೇ ಶುರುವಾಗಿರಬೇಕು’ ಎಂದು ನಾನೇ ಕಥೆಯನ್ನು ತಿದ್ದುತ್ತಿದ್ದೆ.

ಕಥೆಯಲ್ಲಿ ಬರೆದ ಸಂಖ್ಯೆ ಮಾತ್ರ ನಿಜ, ನನ್ನ ಅನುಭವ ಅದಕ್ಕೆ ಸೇರಬಾರದು ಎಂದು ಒಪ್ಪಿಕೊಳ್ಳಲು ಇಡೀ ವರ್ಷ ಹಿಡಿಯಿತು. ಈಗಲೂ ಇಂಥ ಪ್ರಶ್ನೆಗಳ ಮೇಲೆ ನನಗೆ ಗೌರವವಿಲ್ಲ.

ಮೂರನೇ ಯತ್ನ

ಗೌರವ ಇಟ್ಟುಕೊಳ್ಳುವುದು ಬಿಡುವುದು ನಿಮ್ಮಿಷ್ಟ. ಆದರೆ ಇಂಥ ಪ್ರಶ್ನೆಗಳೇ ನನಗೆ ಅಂತರ ಕೇಳುವುದನ್ನು ಕಲಿಸಿದವು. ಈಗ ಮಗುವಿನ ಮೂತ್ರ ಕೆಂಪಾಗಿದೆ ಎಂದು ಯಾರಾದರೂ ಬಂದರೆ ನನ್ನ ಬಾಯಿಂದ ಮೊದಲು ಬರುವುದು ‘ಗಂಟಲು ನೋವು ಯಾವಾಗ ಇತ್ತು, ಮೈಮೇಲೆ ಹುಣ್ಣಾಗಿತ್ತೇ’ ಎಂಬುದೇ.

‘ಮಕ್ಕಳ ವಾರ್ಡ್’ ಅವರೇ, ಚರ್ಮದ ಸೋಂಕಿನ ಅಂತರ ನನ್ನ ಪುಸ್ತಕದಲ್ಲಿ ಇರಲಿಲ್ಲ. ನನ್ನ ನಾಲ್ಕು ಹಳೆಯ ಪ್ರಶ್ನೆಗಳೂ ಗಂಟಲಿನವೇ. ಈಗ ಸೇರಿಸಿದೆ.

ರಾತ್ರಿ ಪಾಳಿ

ಅಂತರ ಕೇಳುವುದನ್ನು ಪ್ರಶ್ನೆಪತ್ರಿಕೆಯಿಂದ ಕಲಿಯಬೇಕಾಯಿತೆಂದರೆ ವಾರ್ಡಿನಲ್ಲಿ ಕಲಿಸಬೇಕಾದವರು ಕಲಿಸಲಿಲ್ಲ ಎಂದರ್ಥ. ಅದು ನಿಮ್ಮ ತಪ್ಪಲ್ಲ. ಆದರೆ ನನಗೆ ಸಿಟ್ಟು ಬರುವುದು ಅದಕ್ಕೇ.

ಎರಡನೇ ಸುತ್ತು

ಎಲ್ಲರಿಗೂ ಧನ್ಯವಾದ. ಜೋಡಿ ಮಾಡಿ ನೋಡಿದೆ, ಕೊನೆಯ ಸಾಲನ್ನೂ ಮೊದಲು ಓದಿದೆ. ಆದರೆ ನನ್ನ ಹುಡುಗನಿಗೆ ಐದು ದಿನ. ಅದು ಎರಡು ದಿನವೂ ಅಲ್ಲ, ಎರಡು ವಾರವೂ ಅಲ್ಲ. ಕೇಳಿದ್ದು ರೋಗನಿರ್ಣಯ, ಆಯ್ಕೆಗಳಲ್ಲಿ ಎರಡೂ ಇದ್ದವು. ನಾನು ಸ್ಟ್ರೆಪ್ಟೋಕಾಕಸ್ ಎಂದೆ, ಉತ್ತರಪಟ್ಟಿ ಐಜಿಎ ಎಂದಿದೆ.

ಮಕ್ಕಳ ವಾರ್ಡ್

ಕಥೆಯಲ್ಲಿ ‘ಹಿಂದೆಯೂ’, ‘ಮತ್ತೆ’, ‘ಆಗಾಗ’ ಎಂಬ ಪದ ಎಲ್ಲಾದರೂ ಇತ್ತೇ? ಊತ ಇಲ್ಲ, ರಕ್ತದೊತ್ತಡ ಸಾಧಾರಣ ಎಂದು ಬರೆದಿತ್ತೇ? ‘ಇಲ್ಲ’ ಎಂದು ಹೇಳಲು ಒಂದು ಸಾಲು ಖರ್ಚು ಮಾಡಿದ್ದರೆ ಅದು ಸುಮ್ಮನೆ ಬಂದಿರುವುದಿಲ್ಲ.

ಎರಡನೇ ಸುತ್ತು

ರಕ್ತದೊತ್ತಡ 118/76 ಎಂದಿತ್ತು. ಊತದ ಮಾತೇ ಇರಲಿಲ್ಲ. ‘ಹಿಂದೆಯೂ’ ಎಂಬುದೂ ಇರಲಿಲ್ಲ.

ಮಕ್ಕಳ ವಾರ್ಡ್

ಹಾಗಾದರೆ ನಾನೂ ಐಜಿಎ ಕಡೆಗೇ ವಾಲುತ್ತೇನೆ, ಏಕೆಂದರೆ ಐದು ದಿನ ಒಂದು ವಾರಕ್ಕಿಂತ ಕಡಿಮೆ ಮತ್ತು ರಕ್ತದೊತ್ತಡ ಏರಿಲ್ಲ. ಆದರೆ ಸಿ3 ಕೊಡದೆ ಈ ಪ್ರಶ್ನೆ ಕೇಳಿದ್ದು ಸರಿಯಲ್ಲ. ನಿಮ್ಮ ಜೋಡಿಪುಸ್ತಕಕ್ಕೆ ಇದನ್ನು ಸೇರಿಸಬೇಡಿ.

ಮೂರನೇ ಯತ್ನ

ನಾನಾದರೆ ಸೇರಿಸುತ್ತೇನೆ. ಪರೀಕ್ಷೆಯಲ್ಲೂ ಇಂಥದ್ದೇ ಬಂದರೆ ಅಲ್ಲಿ ವಾದಿಸಲು ಯಾರಿರುತ್ತಾರೆ?

ಕೊನೆಯ ಸಾಲು ಮೊದಲು

ನಾನೂ ಐಜಿಎ ಒತ್ತುತ್ತಿದ್ದೆ. ಮತ್ತು ಎಣಿಸಲು ಶುರು ಮಾಡಿದ್ದೇನೆ. ನನ್ನ ಹಳೆಯ ಪ್ರಶ್ನೆಗಳಲ್ಲಿ ಸಿ3 ಕಡಿಮೆ ಎಂದಿರುವವು ಈವರೆಗೆ ಒಂಬತ್ತು ಸಿಕ್ಕಿವೆ. ಆರರಲ್ಲಿ ಸ್ಟ್ರೆಪ್ಟೋಕಾಕಸ್, ಎರಡರಲ್ಲಿ ಲೂಪಸ್, ಒಂದರಲ್ಲಿ ಬಯಾಪ್ಸಿ. ಉಳಿದ ಮೂರು ಪುಸ್ತಕಗಳನ್ನು ನೋಡಿ ಮತ್ತೆ ಬರೆಯುತ್ತೇನೆ.